ಸ್ಕ್ಯಾನ್ ಮಾಡಿದ ಪುಟದಲ್ಲಿ ಸೂತ್ರ ತಿದ್ದುವುದು: ಭಿನ್ನರಾಶಿ ಗೆರೆ, ಸಣ್ಣ ಅಂಕೆ, ಅಚ್ಚಿನ ದಪ್ಪ

ಪ್ರಶ್ನೆ (ಬದಿಯಡ್ಕ, ಹೈಸ್ಕೂಲ್ ಟೀಚರ್): ಹತ್ತನೇ ಕ್ಲಾಸಿಗೆ ಹಳೆಯ ಕನ್ನಡ ಭೌತಶಾಸ್ತ್ರ ಪುಸ್ತಕದ ಒಂದು ಪುಟ ಜೆರಾಕ್ಸ್ ಮಾಡಿ ಕೊಡಬೇಕು. ಸಮಾಂತರವಾಗಿ ಜೋಡಿಸಿದ ಮೂರು ರೋಧಕಗಳ ಸೂತ್ರ ತಪ್ಪಾಗಿ ಅಚ್ಚಾಗಿದೆ. ಛೇದದಲ್ಲಿ R₁ + R₂ + R₃ ಅಂತ ಉಂಟು, R₁R₂ + R₂R₃ + R₃R₁ ಆಗಬೇಕಿತ್ತು. ನಾನು ಟೈಪ್ ಮಾಡಿ ಅಂಟಿಸಿದರೆ ತೆಳ್ಳಗೆ, ಬೇರೆಯೇ ಕಾಣ್ತದೆ. 600 ಡಿಪಿಐ ಗ್ರೇಸ್ಕೇಲ್ ಸ್ಕ್ಯಾನ್ ಪಿಡಿಎಫ್ ನನ್ನ ಹತ್ತಿರ ಉಂಟು. ಹೇಗೆ ಮಾಡುವುದು?

ಕುಂಬಳೆ, ಸ್ಟುಡಿಯೋ: ತೆಳ್ಳಗೆ ಕಂಡರೆ ಬೋಲ್ಡ್ ಮಾಡಿ ಟೀಚರ್. ವರ್ಡ್‌ನ ಈಕ್ವೇಶನ್‌ನಲ್ಲಿ ಟೈಪ್ ಮಾಡಿ, ಬೋಲ್ಡ್ ಕೊಟ್ಟು, ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದರೆ ಆಯ್ತು. ಅರ್ಧ ಗಂಟೆಯ ಕೆಲಸವೂ ಅಲ್ಲ.

ಕಾಸರಗೋಡು, ಡಿಟಿಪಿ: ದಪ್ಪ ಬೇಕು ಎಂಬುದು ಸರಿ, ಬೋಲ್ಡ್ ಬೇಡ. ಅಚ್ಚಾಗುವಾಗ ಶಾಯಿ ಕಾಗದದಲ್ಲಿ ಅಂಚಿನಿಂದ ಸ್ವಲ್ಪ ಹೊರಗೆ ಹರಡುತ್ತದೆ. ದೊಡ್ಡ R ಇರಲಿ, ಕೆಳಗಿನ ಸಣ್ಣ 2 ಇರಲಿ, ಭಿನ್ನರಾಶಿಯ ಗೆರೆ ಇರಲಿ, ಹರಡುವ ಅಳತೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಚ್ಚಿನಲ್ಲಿ ಸಣ್ಣ ಅಂಕೆಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ಹೆಚ್ಚು ದಪ್ಪ. ಬೋಲ್ಡ್ ಮಾಡಿದರೆ ಅಕ್ಷರ, ಅಂಕೆ ಮಾತ್ರ ಉಬ್ಬುತ್ತವೆ, ಗೆರೆ ಹಾಗೇ ತೆಳ್ಳಗೆ ಉಳಿಯುತ್ತದೆ. ಅದೂ ಅಲ್ಲದೆ ಭೌತಶಾಸ್ತ್ರದಲ್ಲಿ ಬೋಲ್ಡ್ ಅಕ್ಷರ ಎಂದರೆ ಸದಿಶ ಅಂತ ಮಕ್ಕಳು ಓದಿಯಾರು.

ಟೀಚರ್, ನಿಮ್ಮ ಸೂತ್ರಕ್ಕೆ ಟೈಪ್ ಮಾಡುವ ಅಗತ್ಯವೇ ಇಲ್ಲ. ಬೇಕಾದದ್ದೆಲ್ಲ ಆ ಸೂತ್ರದಲ್ಲೇ ಉಂಟು. ಅಂಶದಲ್ಲಿ R₁R₂R₃ ಇದೆಯಲ್ಲ, ಅದರಿಂದ R₁R₂ ಒಂದು ತುಂಡು, R₂R₃ ಒಂದು ತುಂಡು ಹಾಗೇ ಎತ್ತಬಹುದು. ನಡುವಿನ ಅಂತರವೂ ಜೊತೆಗೇ ಬರುತ್ತದೆ. R₃R₁ ಮಾತ್ರ ಎರಡು ತುಂಡು ಸೇರಿಸಿ ಮಾಡಬೇಕು, ಅದನ್ನು ಹಳೆಯ ಛೇದದಿಂದ ತೆಗೆಯಿರಿ. ಒಂದೇ R ನಾಲ್ಕು ಕಡೆ ಬಂದರೆ ಅದರ ಮೇಲಿನ ಶಾಯಿ ಚುಕ್ಕೆಯೂ ನಾಲ್ಕು ಕಡೆ ಕಾಣುತ್ತದೆ. ಕೂಡಿಸುವ ಚಿಹ್ನೆ ಎರಡೂ ಹಳೆಯ ಛೇದದ್ದೇ.

ಮೊದಲು ಪಿಡಿಎಫ್‌ನಿಂದ ಚಿತ್ರವನ್ನು ಇದ್ದ ಹಾಗೇ ಹೊರಗೆ ತೆಗೆಯಿರಿ. ಸ್ಕ್ರೀನ್‌ಶಾಟ್ ತೆಗೆದರೆ 600 ಡಿಪಿಐ ಅಲ್ಲೇ ಹೋಯಿತು. 37ನೇ ಪುಟ ಎಂದಿಟ್ಟುಕೊಂಡರೆ:

```
pdfimages -list -f 37 -l 37 pustaka.pdf
pdfimages -all -f 37 -l 37 pustaka.pdf puta
```

ಗಿಂಪ್‌ನಲ್ಲಿ ತೆರೆದು ಇಡೀ ಪುಟದ ಓರೆ ಮೊದಲೇ ಸರಿಮಾಡಿ. ಅರ್ಧ ಡಿಗ್ರಿ ಓರೆ ಇದ್ದರೂ 800 ಪಿಕ್ಸೆಲ್ ಉದ್ದದ ಗೆರೆ ಒಂದು ತುದಿಯಲ್ಲಿ 7 ಪಿಕ್ಸೆಲ್ ಇಳಿದಿರುತ್ತದೆ, ನೀವು ಸೇರಿಸಿದ ತುಂಡು ಮೆಟ್ಟಿಲಿನ ಹಾಗೆ ಕಾಣುತ್ತದೆ. ತುಂಡು ಅಂಟಿಸಿದ ಮೇಲೆ ತಿರುಗಿಸಲು ಹೋಗಬೇಡಿ, ಅಂಚು ಮಸುಕಾಗುತ್ತದೆ.

ಈಗ ಅಗಲದ ಲೆಕ್ಕ. ಹತ್ತು ಪಾಯಿಂಟ್ ಅಕ್ಷರ ಎಂದಿಟ್ಟುಕೊಂಡರೆ R₁ ಸುಮಾರು 100 ಪಿಕ್ಸೆಲ್, ಎರಡು ಬದಿಯ ಜಾಗ ಸೇರಿ ಒಂದು ಕೂಡಿಸುವ ಚಿಹ್ನೆಯೂ ಸುಮಾರು 100. ಹಳೆಯ ಛೇದ 500, ಹೊಸದು 800. ಗೆರೆ ಇನ್ನೂ 300 ಪಿಕ್ಸೆಲ್ ಉದ್ದ ಆಗಬೇಕು, ಅಂದರೆ 13 ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ನಿಮ್ಮ ಪುಟದಲ್ಲಿ ಅಳೆದು ನೋಡಿ. ಸೂತ್ರ ಪುಟದ ನಡುವಿನಲ್ಲಿ ಇದ್ದರೆ ಅಂಶವನ್ನು ಮುಟ್ಟಲೇಬೇಡಿ. ಗೆರೆಯನ್ನು ಎರಡೂ ಕಡೆ 150ರಂತೆ ಬೆಳೆಸಿ, ‘R =’ ಅನ್ನು ಎಡಕ್ಕೆ 150 ಸರಿಸಿ.

ಗೆರೆಯನ್ನು ಎಳೆದು ಹಿಗ್ಗಿಸಬೇಡಿ. ದಪ್ಪ ಬದಲಾಗದಿದ್ದರೂ ಶಾಯಿಯ ಒರಟು ಎಳೆದ ಹಾಗೆ ಕಾಣುತ್ತದೆ, ತುದಿಯೂ ಕೆಡುತ್ತದೆ. ತುದಿ ಇರುವ 150ರ ತುಂಡನ್ನು ನಕಲು ಮಾಡಿ ಹೊರಗೆ ಸರಿಸಿ, ಅದು ಹಳೆಯ ತುದಿಗೆ ಸೇರುವ ಕಡೆ ಗೆರೆಯ ಬೇರೆ ಕಡೆಯ ತುಂಡು ಹತ್ತು ಪಿಕ್ಸೆಲ್ ಮೇಲೆಬೀಳುವಂತೆ ಇಡಿ.

ಹಳೆಯ ಛೇದ ಅಳಿಸಲು ಬಿಳಿ ಬ್ರಷ್ ಬೇಡ, ಸಾಲುಗಳ ನಡುವಿನ ಖಾಲಿ ಕಾಗದವನ್ನು ಕ್ಲೋನ್ ಮಾಡಿ. ಅಂಟಿಸಿದ ತುಂಡಿನ ಲೇಯರ್‌ಗೆ Levels ಹಾಕಿ ಕಾಗದದ ಬಣ್ಣ ಪೂರ್ತಿ ಬಿಳಿಯಾಗುವಷ್ಟು ಮಾತ್ರ ಬಲಗಡೆಯ ಗುಂಡಿ ಎಡಕ್ಕೆ ತನ್ನಿ, ಆಮೇಲೆ ಲೇಯರ್ ಮೋಡ್ Multiply. ಬಿಳಿ ಮಾಡದೆ Multiply ಕೊಟ್ಟರೆ ತುಂಡಿನ ಸುತ್ತ ಬೂದು ಚೌಕ ಉಳಿಯುತ್ತದೆ. ಗುಂಡಿಯನ್ನು ತೀರಾ ಎಡಕ್ಕೆ ತಂದರೆ ಅಕ್ಷರದ ಬೂದು ಅಂಚು ಹೋಗಿ ಮತ್ತೆ ತೆಳ್ಳಗೆ! ಎಲ್ಲ R ಗಳ ಪಾದ ಒಂದೇ ಗೈಡ್ ಗೆರೆಯ ಮೇಲೆ ನಿಲ್ಲಲಿ. ಸಣ್ಣ ಅಂಕೆಗಳನ್ನು ನೋಡಿ ಸಾಲು ಹೊಂದಿಸಬೇಡಿ. ಕೊನೆಗೆ ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿ. ಜೆಪೆಗ್ ಪ್ರತಿ ಸಲ ಉಳಿಸಿದಾಗಲೂ ಸಣ್ಣ ಅಂಕೆಗಳ ಸುತ್ತ ಧೂಳು ಎಬ್ಬಿಸುತ್ತದೆ.

ಮಂಜೇಶ್ವರ: ನನ್ನದೂ ಇದೇ ಸಮಸ್ಯೆ. ಸ್ಕ್ಯಾನ್ ಮಾಡಿದ್ದನ್ನು ಓಸಿಆರ್‌ಗೆ ಕೊಟ್ಟರೆ R₁ ಹೋಗಿ Rl ಆಗ್ತದೆ, ಭಿನ್ನರಾಶಿ ಎರಡು ಸಾಲಾಗ್ತದೆ. ಎಂತ ಮಾಡುವುದು ಅಣ್ಣ?

ಕಾಸರಗೋಡು, ಡಿಟಿಪಿ: ನಿಮ್ಮದು ಬೇರೆ ವಿಷಯ ಮಾರಾಯ್ರೆ, ಇಲ್ಲಿ ಪಠ್ಯ ಓದಿಸುವುದಲ್ಲ, ಚಿತ್ರ ತಿದ್ದುವುದು. ಬೇರೆ ಪ್ರಶ್ನೆಯಾಗಿ ಹಾಕಿ.

ಬದಿಯಡ್ಕ, ಟೀಚರ್: ಅರ್ಥ ಆಯ್ತು. ಮುಂದಿನ ಪುಟದಲ್ಲಿ R ಕೆಳಗೆ ಸಣ್ಣ n ಬೇಕು, ಪುಸ್ತಕದಲ್ಲಿ ಎಲ್ಲೂ ಸಣ್ಣ n ಇಲ್ಲ. ದೊಡ್ಡ n ಅನ್ನು ಕುಗ್ಗಿಸಬಹುದಾ?

ಕಾಸರಗೋಡು, ಡಿಟಿಪಿ: ಕುಗ್ಗಿಸಿದರೆ ನೀವು ಮೊದಲು ಹೇಳಿದ ತೊಂದರೆಯೇ. n ನ ಕಾಲು 9 ಪಿಕ್ಸೆಲ್ ಇದ್ದದ್ದು 70 ಶೇಕಡಾಕ್ಕೆ ಕುಗ್ಗಿ 6 ಆಗುತ್ತದೆ, ಪಕ್ಕದ ಸಣ್ಣ ಅಂಕೆಗಳ ಕಾಲು 8 ಇರಬಹುದು. ಆಗ ಮಾತ್ರ ಲೇಟೆಕ್‌ನಲ್ಲಿ $R_n$ ಟೈಪ್ ಮಾಡಿ. ಅದರಲ್ಲಿ ಸಣ್ಣ ಗಾತ್ರಕ್ಕೆ ಬೇರೆಯೇ ಅಚ್ಚು ಉಂಟು, ಹತ್ತು ಪಾಯಿಂಟ್‌ಗೆ ಏಳು. ಪಿಡಿಎಫ್ ಅನ್ನು ನಾಲ್ಕು ಪಟ್ಟು, ಅಂದರೆ 2400 ಡಿಪಿಐಯಲ್ಲಿ ಚಿತ್ರ ಮಾಡಿ:

```
pdftoppm -r 2400 -gray -png sutra.pdf sutra
```

R ಸಮೇತ ಇಟ್ಟುಕೊಳ್ಳಿ, ಅದೇ ಅಳತೆಗೋಲು. ಪುಟದ R ನ ನೆಟ್ಟ ಕಾಲು 9 ಪಿಕ್ಸೆಲ್ ಇದ್ದರೆ ಇಲ್ಲಿ 36 ಆಗಬೇಕು. Gaussian Blur 5ರಿಂದ 6 ಕೊಟ್ಟು, Levels ನಲ್ಲಿ ನಡುವಿನ ಗುಂಡಿಯನ್ನು ಬಲಕ್ಕೆ ಸರಿಸುತ್ತಾ ಅಳೆಯಿರಿ. R ಸರಿಹೊಂದಿದಾಗ n ತಾನಾಗಿ ಹೊಂದಿರುತ್ತದೆ, ಯಾಕೆಂದರೆ ಎರಡೂ ಅಂಚಿನಲ್ಲಿ ಒಂದೇ ಅಳತೆಗೆ ಉಬ್ಬಿವೆ. ಆಮೇಲೆ 25 ಶೇಕಡಾಕ್ಕೆ ಕುಗ್ಗಿಸಿ n ಮಾತ್ರ ಅಂಟಿಸಿ. ಕಪ್ಪನ್ನೂ ಪುಟಕ್ಕೆ ಹೊಂದಿಸಿ: ಐಡ್ರಾಪರ್ ಇಟ್ಟರೆ ಹಳೆಯ ಅಚ್ಚಿನ ಕಪ್ಪು 0 ಇರುವುದಿಲ್ಲ, 40 ಇದ್ದರೆ Output Levels ನ ಎಡ ಸಂಖ್ಯೆ 40.

ಉಪ್ಪಳ, ಪ್ರೆಸ್: -list ಕೊಟ್ಟಾಗ enc ಕೆಳಗೆ jbig2 ಅಂತ ಕಂಡರೆ ಆ ಪಿಡಿಎಫ್ ಬಿಟ್ಟು ಪುಸ್ತಕವನ್ನೇ ಮತ್ತೆ ಸ್ಕ್ಯಾನ್ ಮಾಡಿ. ಅದು ಕಪ್ಪು-ಬಿಳುಪು ಮಾತ್ರ, ಬೂದು ಅಂಚೇ ಇರುವುದಿಲ್ಲ. ಕೆಲವು ಸಲ ಒಂದೇ ತರ ಕಂಡ ಅಕ್ಷರಗಳಿಗೆ ಒಂದೇ ಚಿತ್ರ ಹಾಕಿ ಬಿಡುತ್ತದೆ. 2013ರಲ್ಲಿ ಕೆಲವು ಆಫೀಸ್ ಸ್ಕ್ಯಾನರ್‌ಗಳು 6 ಅನ್ನು 8 ಮಾಡಿದ್ದು ಹೀಗೇ. ಬಲಿಯಾಗುವುದು ಸಣ್ಣ ಅಂಕೆಗಳೇ.

ಇನ್ನೊಂದು, ‘R =’ ಎಡಕ್ಕೆ ಸರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೇಲಿನ ಸಾಲಿನಲ್ಲಿ 1/R = … ಇದ್ದು, ಎರಡೂ ‘=’ ಒಂದರ ಕೆಳಗೊಂದು ಇದ್ದರೆ ಅದು ಕೆಡುತ್ತದೆ.

ಕಾಸರಗೋಡು, ಡಿಟಿಪಿ: ಹಾಗಿದ್ದರೆ ಗೆರೆಯ ಎಡ ತುದಿ ಅಲ್ಲೇ ಇಟ್ಟು ಬಲಕ್ಕೆ 300 ಬೆಳೆಸಿ, ಅಂಶವನ್ನು ಬಲಕ್ಕೆ 150 ಸರಿಸಬೇಕು. ಬಲ ಅಂಚಿನಲ್ಲಿ ಸೂತ್ರದ ಸಂಖ್ಯೆ ಇದ್ದರೆ ಜಾಗ ಸಾಕಾಗಲಿಕ್ಕಿಲ್ಲ.

ಬದಿಯಡ್ಕ, ಟೀಚರ್: ಎರಡೂ ಉಂಟು! ಮೇಲೆ ‘=’ ಸಾಲಾಗಿ ಉಂಟು, ಬಲಗಡೆ (4) ಅಂತಲೂ ಉಂಟು.

ಉಪ್ಪಳ, ಪ್ರೆಸ್: ಸಂಖ್ಯೆಯನ್ನು ಒಂದು ಸಾಲು ಕೆಳಗೆ ಇಳಿಸಿ. ಅಚ್ಚಿನವರೂ ಹಾಗೆ ಮಾಡುತ್ತಾರೆ.

ಕಾಸರಗೋಡು, ಡಿಟಿಪಿ: ಕೆಳಗಿನ ಸಾಲು ವಾಕ್ಯವಾದರೆ ಅದಕ್ಕೂ ಜಾಗ ಇಲ್ಲ. ನಾನಾದರೆ ‘=’ ಸಾಲು ತಪ್ಪಿದರೂ ಪರವಾಗಿಲ್ಲ ಅಂತ ಎಡಕ್ಕೇ ಸರಿಸುತ್ತೇನೆ. ಆ ಭಾಗದ ಸ್ಕ್ಯಾನ್ ಹಾಕಿ ಟೀಚರ್, ನೋಡಿ ಹೇಳುವ. ಪುಟದ ಅಡಿಯಲ್ಲಿ ‘ಸೂತ್ರ 4 ತಿದ್ದಲಾಗಿದೆ’ ಅಂತ ಸಣ್ಣದಾಗಿ ಬರೆಯಿರಿ, ಮೂಲ ಪುಸ್ತಕ ಕೈಯಲ್ಲಿರುವ ಮಕ್ಕಳು ಯಾವುದು ಸರಿ ಅಂತ ಕೇಳುತ್ತಾರೆ.