ಪದಚರ್ಚೆ: ‘ತಿರಸ್ಕಾರ ಪ್ರದೇಶ’ ಇರುವುದು ಗೆರೆಯ ಮೇಲಾ, ಬಣ್ಣದ ಒಳಗಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗೆ ಸಂಖ್ಯಾಶಾಸ್ತ್ರದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಚಿತ್ರದ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

ಲೆಕ್ಕ ಸುಲಭದ್ದೇ. ಯಂತ್ರದಿಂದ ಬರುವ ಬೋಲ್ಟ್‌ಗಳ ಸರಾಸರಿ ಉದ್ದ 50 ಮಿ.ಮೀ. ಇರಬೇಕು. ಮಾನಕ ವಿಚಲನೆ 2 ಮಿ.ಮೀ. ಅಂತ ಮೊದಲೇ ಗೊತ್ತು. 36 ಬೋಲ್ಟ್ ಅಳೆದಾಗ ಸರಾಸರಿ 50.6 ಬಂತು. ಉದ್ದ ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ, ಹಾಗಾಗಿ ಎರಡು ಬಾಲದ ಪರೀಕ್ಷೆ. ಝಡ್ ಬೆಲೆ 1.80.

ಚಿತ್ರದಲ್ಲಿ ಗಂಟೆಯಾಕಾರದ ರೇಖೆ. -1.96 ಮತ್ತು 1.96ರಲ್ಲಿ ನಿಂತ ಗೆರೆಗಳು, ಅವುಗಳಾಚೆ ಎರಡೂ ಬಾಲಕ್ಕೆ ಕೆಂಪು ಬಣ್ಣ. 1.80ರಲ್ಲಿ ಒಂದು ಬಾಣ. ಅಲ್ಲಿಂದ ಬಲಕ್ಕೆ ಪೂರ್ತಿ ಓರೆಗೆರೆ ತುಂಬಿದೆ, ಎಡದಲ್ಲಿ -1.80ರಿಂದಾಚೆಗೂ ಹಾಗೇ. ಅಂದರೆ ಕೆಂಪಿನ ಮೇಲೂ ಓರೆಗೆರೆ ಇದೆ.

ಕೆಂಪಿಗೆ ‘ತಿರಸ್ಕಾರ ಪ್ರದೇಶ’, ಓರೆಗೆರೆ ಇರುವುದಕ್ಕೆ ‘ಪಿ-ಬೆಲೆಯ ಪ್ರದೇಶ’ ಅಂತ ಬರೆದೆ. ಓದಿದ ಗೆಳತಿ ಕೇಳಿದಳು: “ಬಾಣ ಬಿದ್ದಿರೋದು ಗೆರೆ ಹಾಕಿದ ಪ್ರದೇಶದಲ್ಲೇ ಅಲ್ವಾ, ಹಾಗಾದರೆ ಸರಾಸರಿ 50 ಅನ್ನೋ ಊಹೆ ತಿರಸ್ಕಾರ ಆಯ್ತು ತಾನೇ?” ಆಗಿಲ್ಲ! ಇದು ಪದದ ತೊಂದರೆಯಾ, ಚಿತ್ರದ ತೊಂದರೆಯಾ? ಜೊತೆಗೆ, 1.96ಕ್ಕೆ, ಅಂದರೆ ಕ್ರಿಟಿಕಲ್ ವ್ಯಾಲ್ಯೂಗೆ, ‘ನಿರ್ಣಾಯಕ ಬೆಲೆ’ ಅನ್ನಬಹುದಾ?

ಉತ್ತರ 1, ಲ್ಯಾಬ್‌ನಲ್ಲಿ ಕೆಲಸ ಮಾಡುವವರು

ನಮ್ಮಲ್ಲಿ ಕ್ರಿಟಿಕಲ್ ವ್ಯಾಲ್ಯೂ ಅಂದರೆ ನೋಡಿದ ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕಾದ ರಿಪೋರ್ಟ್. ಪೊಟ್ಯಾಷಿಯಂ ತುಂಬಾ ಏರಿದ್ದರೆ ಪ್ರಿಂಟ್ ಬರೋ ತನಕ ಕಾಯೋ ಹಾಗಿಲ್ಲ. ಅದಕ್ಕೆ ‘ಅಪಾಯದ ಮಟ್ಟ’ ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ.

ಉತ್ತರ 2, ಎಂಜಿನಿಯರಿಂಗ್ ಓದಿದವರು

ಮೇಡಂ, ಅದು ಬೇರೆ, ಇದು ಬೇರೆ. ಲ್ಯಾಬ್‌ನಲ್ಲಿ ಆ ಹೆಸರು ಬಂದ ಫಲಿತಾಂಶಕ್ಕೆ. ಇಲ್ಲಿ ಅಳತೆಗೆ ಮುಂಚೆಯೇ ಹಾಕಿಕೊಂಡ ಗಡಿಗೆ.

ಪ್ರಶ್ನೆ ಕೇಳಿದವರಿಗೆ: ಚಿತ್ರ ಸರಿಯಾಗೇ ಇದೆ. ಕೆಂಪು ಎರಡೂ ಕಡೆ ಸೇರಿ 0.05. ಓರೆಗೆರೆ ಒಂದೊಂದು ಬದಿಗೆ 0.036, ಸೇರಿ ಸುಮಾರು 0.072. ಓರೆಗೆರೆಯದ್ದು ಕೆಂಪಿಗಿಂತ ದೊಡ್ಡದು, ಆದ್ದರಿಂದ ತಿರಸ್ಕರಿಸುವಂತಿಲ್ಲ. ಸರಾಸರಿ 50 ಅನ್ನೋ ಊಹೆ ನಿಜವಾಗಿರುವ ಸಾಧ್ಯತೆ 7.2% ಅಂತ ಬರೆದುಬಿಡಿ, ಗೆಳತಿಗೂ ತಿಳಿಯುತ್ತದೆ.

ಉತ್ತರ 3, ಸಂಖ್ಯಾಶಾಸ್ತ್ರದ ಮೇಷ್ಟ್ರು

ಲೆಕ್ಕ ಸರಿ, ಕೊನೆಯ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಸರಾಸರಿ 50 ಅಂತ ಒಪ್ಪಿಕೊಂಡ ಮೇಲೇ ಆ ರೇಖೆ ಬರೆದದ್ದು. ಒಪ್ಪಿಕೊಂಡೇ ಶುರುಮಾಡಿದ ಮಾತು ಎಷ್ಟು ನಿಜ ಅಂತ ಅದೇ ರೇಖೆಯನ್ನು ಕೇಳಿದರೆ ಅದು ಹೇಳಲಾರದು. ಅದು ಹೇಳುವುದು ಇಷ್ಟೇ: ಯಂತ್ರ ಸರಿಯಾಗಿದ್ದರೂ, 36 ಬೋಲ್ಟ್ ಅಳೆದಾಗ ಸರಾಸರಿ ಯಾವುದಾದರೂ ಒಂದು ಬದಿಗೆ 0.6 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ತಪ್ಪುವುದು ನೂರಕ್ಕೆ ಏಳು ಸಲ ಆಗಬಹುದು.

ಈಗ ಪದದ ವಿಷಯ. ನಿಮ್ಮ ಗೆಳತಿ ಸರಿಯಾದ ಕಡೆಯೇ ಎಡವಿದ್ದಾರೆ. ಎರಡಕ್ಕೂ ‘ಪ್ರದೇಶ’ ಅಂದರೆ ಎರಡೂ ಒಂದೇ ಜಾತಿಯವು ಅನಿಸುತ್ತದೆ. ಅಲ್ಲ. ತಿರಸ್ಕಾರದ್ದು ಇರುವುದು ಕೆಳಗಿನ ಅಡ್ಡಗೆರೆಯ ಮೇಲೆ. 1.96ರಿಂದ ಬಲಕ್ಕೆ, -1.96ರಿಂದ ಎಡಕ್ಕೆ ಇರುವ ಅಂಕಿಗಳೇ ಅದು. ಕೆಂಪು ಬಣ್ಣ ಆ ಅಂಕಿಗಳ ಮೇಲೆ ನಿಂತ ವಿಸ್ತೀರ್ಣ, ಅದರ ಅಳತೆ ಆಲ್ಫಾ. ಓರೆಗೆರೆಯದ್ದೂ ಬರೀ ವಿಸ್ತೀರ್ಣ, ಅದರ ಅಳತೆ ಪಿ. ಬಾಣ ‘ಪಿ’ಯೊಳಗೆ ಬೀಳುವ ಪ್ರಶ್ನೆಯೇ ಇಲ್ಲ, ಪಿ ಶುರುವಾಗುವುದೇ ಬಾಣದಿಂದ. ಬಾಣವನ್ನು ಎಲ್ಲಿಟ್ಟರೂ ಓರೆಗೆರೆ ಅದರ ಜೊತೆಗೇ ಸರಿಯುತ್ತದೆ. ಕೆಂಪು ಮಾತ್ರ ಅಲ್ಲಾಡುವುದಿಲ್ಲ.

ಹಾಗಾಗಿ ಓದುವ ದಾರಿ ಎರಡು. ಬಾಣವನ್ನು ಗಡಿಯ ಜೊತೆ ಹೋಲಿಸಿ: 1.80 ಗಡಿಯೊಳಗೇ ಇದೆ. ಇಲ್ಲವೇ ವಿಸ್ತೀರ್ಣವನ್ನು ವಿಸ್ತೀರ್ಣದ ಜೊತೆ ಹೋಲಿಸಿ: 0.072 ದೊಡ್ಡದು, 0.05 ಚಿಕ್ಕದು. ಎರಡರಿಂದಲೂ ಒಂದೇ ಉತ್ತರ ಬರಬೇಕು. ಬರದಿದ್ದರೆ ಸಾಮಾನ್ಯವಾಗಿ ಒಂದು ಬಾಲದ ಓರೆಗೆರೆಯನ್ನು ಮರೆತಿರುತ್ತೇವೆ. ಬಲಗಡೆಯ 0.036 ಒಂದನ್ನೇ ನೋಡಿದರೆ 0.05ಕ್ಕಿಂತ ಕಡಿಮೆ, ತಿರಸ್ಕರಿಸಿಬಿಡುತ್ತೀರಿ. ಪರೀಕ್ಷೆ ಪೇಪರಿನಲ್ಲಿ ನಾನು ಹೆಚ್ಚು ಕಾಣುವ ತಪ್ಪು ಇದೇ.

ನನ್ನ ಸಲಹೆ: ಅಡ್ಡಗೆರೆಯದ್ದಕ್ಕೆ ‘ತಿರಸ್ಕಾರ ವಲಯ’, ಬಣ್ಣಕ್ಕೂ ಓರೆಗೆರೆಗೂ ‘ವಿಸ್ತೀರ್ಣ’. 1.96ಕ್ಕೆ ‘ಗಡಿಬೆಲೆ’. ‘ನಿರ್ಣಾಯಕ’ ಅಂದಾಗ ಬಂದ ಫಲಿತಾಂಶವೇ ನಿರ್ಣಾಯಕ ಅನ್ನುವ ಹಾಗೆ ಕೇಳುತ್ತದೆ.

ಇಷ್ಟೆಲ್ಲ ಗೊಂದಲಕ್ಕೆ ಹಳೇ ಕಾರಣವೂ ಇದೆ ಅನ್ನಿ. ಪಿ-ಬೆಲೆಯ ಬಳಕೆಯನ್ನು ಹರಡಿದವರು 1920ರ ದಶಕದಲ್ಲಿ ರೋನಾಲ್ಡ್ ಫಿಷರ್. ಮೊದಲೇ ಗಡಿ ಹಾಕಿ ತೀರ್ಮಾನಿಸುವ ವಿಧಾನಕ್ಕೆ 1933ರ ಹೊತ್ತಿಗೆ ರೂಪ ಕೊಟ್ಟವರು ನೈಮನ್ ಮತ್ತು ಈಗಾನ್ ಪಿಯರ್ಸನ್. ಫಿಷರ್‌ಗೂ ನೈಮನ್‌ಗೂ ಈ ವಿಷಯದಲ್ಲಿ ಜೀವನಪೂರ್ತಿ ಜಗಳ. ಇಬ್ಬರದ್ದನ್ನೂ ಒಂದೇ ಗಂಟೆಯ ಕೆಳಗೆ ಬರೆದಿರುವುದು ನಮ್ಮ ಪಠ್ಯಗಳು.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ‘ವಲಯ’, ‘ವಿಸ್ತೀರ್ಣ’ ಎರಡನ್ನೂ ತೆಗೆದುಕೊಂಡೆ. ಆದರೆ ಮುಂದಿನ ಪುಟದಲ್ಲೇ ಅದೇ ಬೋಲ್ಟ್, ಅದೇ 1.80. ಅಲ್ಲಿ ಕೆಂಪು ಬಲಗಡೆ ಮಾತ್ರ ಇದೆ, ಗಡಿ 1.645. ಈಗ ಬಾಣ ವಲಯದೊಳಗೆ ಬಿತ್ತು! ಅಳತೆ ಬದಲಾಗಲಿಲ್ಲ, ತೀರ್ಮಾನ ಬದಲಾಯಿತು. ಓದುವವರಿಗೆ ಇದು ಮೋಸದಂತೆ ಕಾಣುವುದಿಲ್ಲವೇ?

ಮೇಷ್ಟ್ರು

ಅಳತೆ ನೋಡಿದ ಮೇಲೆ ಬಾಲ ಆರಿಸಿದರೆ ಮೋಸವೇ. ಒಂದು ಬಾಲದ ಚಿತ್ರಕ್ಕೆ ಪ್ರಶ್ನೆಯೇ ಬೇರೆ: ‘ಬೋಲ್ಟ್ ಉದ್ದವಾಗಿದೆಯೇ’ ಅಂತ. ‘50ಕ್ಕಿಂತ ಬೇರೆಯಾಗಿದೆಯೇ’ ಅಂತಲ್ಲ. ಆಗ 0.05 ಪೂರ್ತಿ ಒಂದೇ ಬದಿಗೆ ಬರುತ್ತದೆ, ಗಡಿ ಒಳಗೆ ಸರಿಯುತ್ತದೆ. ಪಿ ಕೂಡ ಬಲಗಡೆಯ 0.036 ಮಾತ್ರ. ಚಿತ್ರದ ಕೆಳಗೆ ಆ ಪ್ರಶ್ನೆಯನ್ನು ಬರೆಯದೆ ಬರೀ ಬಣ್ಣ ಬದಲಿಸಿದ್ದರೆ ಆ ಪುಟ ಸರಿಯಿಲ್ಲ. ಇನ್ನೊಂದು, ಸಾಧ್ಯವಾದರೆ ಅಡ್ಡಗೆರೆಯ ಕೆಳಗೆ ಮಿ.ಮೀ.ನಲ್ಲೂ ಅಂಕಿ ಹಾಕಿ. ಎರಡು ಬಾಲದ ಚಿತ್ರದಲ್ಲಿ ಗಡಿಗಳು ಸುಮಾರು 49.35 ಮತ್ತು 50.65. ನಿಮ್ಮ 50.6 ಅದಕ್ಕೆ ಎಷ್ಟು ಹತ್ತಿರ ಅಂತ ಆಗ ಕಣ್ಣಿಗೇ ಕಾಣುತ್ತದೆ.

ಉತ್ತರ 4, ಕರಡು ತಿದ್ದುವವರು

‘ಗಡಿಬೆಲೆ’ ನನಗೆ ಹಿಡಿಸಲಿಲ್ಲ. ಭಾಷೆಯ ದೃಷ್ಟಿಯಿಂದ ಚೆಂದವೇ, ಆದರೆ ‘ನಿರ್ಣಾಯಕ ಬೆಲೆ’ ಕಲಿತ ಹುಡುಗರು ಪ್ರಶ್ನೆಪತ್ರಿಕೆಯಲ್ಲಿ ‘ಗಡಿಬೆಲೆ’ ಕಂಡು ತಬ್ಬಿಬ್ಬಾಗುತ್ತಾರೆ. ಪದ ಬದಲಿಸುವುದಾದರೆ ಮೊದಲ ಸಲ ಎರಡನ್ನೂ ಬರೆಯಿರಿ. ಮತ್ತೆ ನಡುವಿನ ಖಾಲಿ ಭಾಗಕ್ಕೆ ಏನಂತೀರಿ? ‘ಸ್ವೀಕಾರ ವಲಯ’ ಅಂತ ಕೆಲವರು ಬರೆಯುತ್ತಾರೆ.

ಮೇಷ್ಟ್ರು

ಎರಡನ್ನೂ ಬರೆಯುವುದು ಒಪ್ಪಿದೆ. ‘ಸ್ವೀಕಾರ’ ಬೇಡ. 50.6 ಬಂದಾಗ ಸರಾಸರಿ 50 ಅಂತ ಸಾಬೀತಾಗಲಿಲ್ಲ. ಅದೇ ಬೋಲ್ಟ್‌ಗಳು 50.3 ಅನ್ನುವ ಊಹೆಗೂ ಹೊಂದುತ್ತವೆ, ಇನ್ನೂ ಚೆನ್ನಾಗಿ.

ಕರಡು ತಿದ್ದುವವರು

ಹಾಗಂತ ‘ತಿರಸ್ಕರಿಸಲಾಗದ ವಲಯ’ ಅಂದರೆ ಆ ಪದ ಚಿತ್ರದೊಳಗೆ ಹಿಡಿಸುವುದೇ ಇಲ್ಲ ಸರ್. ಚಿಕ್ಕದೊಂದು ಹೇಳಿ.

ಪ್ರಶ್ನೆ ಕೇಳಿದವರು

ಸದ್ಯಕ್ಕೆ ಆ ಭಾಗಕ್ಕೆ ಹೆಸರನ್ನೇ ಹಾಕದೆ ಖಾಲಿ ಬಿಟ್ಟಿದ್ದೇನೆ. ಯಾರಿಗಾದರೂ ಎರಡು ಪದದೊಳಗೆ ಏನಾದರೂ ಹೊಳೆದರೆ ತಿಳಿಸಿ.