ಸಹಾಯ ಬೇಕು: ಸಬ್‌ಮೀಟರ್ ಲೆಕ್ಕ ಕೂಡುತ್ತಿಲ್ಲ

ನಮಸ್ಕಾರ. ಬೆಳಗಾವಿಯಲ್ಲಿ ನಮ್ಮ ಕಟ್ಟಡದಲ್ಲಿ ಕೆಳಗೆ ಬೇಕರಿ, ಮೇಲೆ ಕ್ಲಿನಿಕ್ ಮತ್ತು ನಾಲ್ಕು ಮನೆ. ಲಿಫ್ಟ್, ಪಂಪಿಗೂ ಸಬ್‌ಮೀಟರ್ ಇದೆ. ಕಳೆದ ತಿಂಗಳು ಮುಖ್ಯ ಮೀಟರ್ 4,200 ಯೂನಿಟ್ ತೋರಿಸಿತು, ಸಬ್‌ಮೀಟರ್‌ಗಳ ಮೊತ್ತ ಬರೀ 3,400.

ಮೀಟರಿಗೆ ಕರೆಂಟ್ ಅಳೆದು ಕೊಡುವ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳ ರೇಷಿಯೋ ಸರಿ ಇದೆ. ಎಲ್ಲ ರೀಡಿಂಗ್ ಒಂದೇ ಹೊತ್ತಿಗೆ ತೆಗೆದೆ. ಕೊನೆಗೆ ಆರ್‌ಎಸ್-485 ಲೈನಿಗೆ ಲ್ಯಾಪ್‌ಟಾಪ್ ಜೋಡಿಸಿ ಮಾಡ್‌ಬಸ್‌ನಲ್ಲಿ ಓದಿದಾಗ, ಬೇಕರಿ ಮೀಟರಿನ ಬಿ ಫೇಸ್ ಕಿಲೋವ್ಯಾಟ್ ಮೈನಸ್ ಬಂತು. ಆ ಸಿಟಿ ಉಲ್ಟಾ ಕೂತಿದೆ, ಅಲ್ವಾ?

ಮೂರೂ ಫೇಸ್ ಸಮ ಇದ್ದರೆ, ಎರಡು ಫೇಸ್ ಕೂಡಿ ಒಂದು ಕಳೆಯುವುದರಿಂದ ಮೀಟರ್ ಮೂರನೇ ಒಂದು ಭಾಗ ಮಾತ್ರ ಎಣಿಸುತ್ತದೆ. ಬೇಕರಿ 400 ತೋರಿಸಿದೆ, ಅಂದರೆ ನಿಜವಾಗಿ 1,200. ವ್ಯತ್ಯಾಸ ಪೂರ್ತಿ ಕೂಡುತ್ತದೆ. ಆದರೆ ಅವರ ಫ್ರಿಜ್, ದೀಪ ಎಲ್ಲ ಒಂದೇ ಫೇಸಿನಲ್ಲಿವೆ. ಸುಮ್ನೆ ಅಂದಾಜಿಗೆ ಅವರಿಂದ ಜಾಸ್ತಿ ಹಣ ಕೇಳಲು ಮನಸ್ಸಿಲ್ಲ.

ಹಳೆಯ ಬಿಲ್ಲಿಗೆ ಮೂರರಿಂದ ಗುಣಿಸಲೇ, ಇಲ್ಲ ಸಿಟಿ ಸರಿಮಾಡಿ ಒಂದು ವಾರ ಫೇಸ್‌ವಾರು ಅಳೆದು ಆ ಅನುಪಾತ ಹಿಡಿಯಲೇ?