ಮನೆಗೆ ಬರದೇ ‘Consignee not available’ ಅಂತ ಹಾಕುತ್ತಿದ್ದಾರೆ, ಪಾರ್ಸೆಲ್ ವಾಪಸ್ ಹೋಗೋ ಮುಂಚೆ ಏನು ಮಾಡಲಿ?

ತೋಟದಮನೆ_ರೇಡಿಯೋ:
ಬೆಂಗಳೂರಿನ ಒಬ್ಬ ಮಾರಾಟಗಾರರಿಂದ ಸೋಲ್ಡರಿಂಗ್ ಸ್ಟೇಷನ್ ತರಿಸಿದ್ದೇನೆ. ದುಡ್ಡು ಮೊದಲೇ ಕಟ್ಟಿಯಾಗಿದೆ. ನಮ್ಮ ಮನೆ ಸಾಗರದ ಹತ್ತಿರ, ಟಾರು ರಸ್ತೆಯಿಂದ ಸ್ವಲ್ಪ ಒಳಗೆ. ಬೆಳಿಗ್ಗೆ Out for delivery ಅಂತ ಬರುತ್ತೆ, ರಾತ್ರಿ ನೋಡಿದರೆ Consignee not available. ನಿನ್ನೆಯದು ಬಿದ್ದಿದ್ದು ರಾತ್ರಿ 8:52ಕ್ಕೆ. ಅಮ್ಮ ಇಡೀ ದಿನ ಮನೆಯಲ್ಲೇ ಇದ್ದರು. ಯಾರೂ ಬಂದಿಲ್ಲ, ಫೋನೂ ಬಂದಿಲ್ಲ. ಎರಡನೇ ಸಲ ಹೀಗಾಗಿದೆ. ಕಸ್ಟಮರ್ ಕೇರ್‌ನವರು ‘ನಾಳೆ ಬರುತ್ತೆ’ ಅಂತಲೇ ಹೇಳುತ್ತಾರೆ.

ನ್ಯಾಯಬೇಕು:
ಕನ್ಸ್ಯೂಮರ್ ಕೋರ್ಟಿಗೆ ಹಾಕಿ ಸರ್. 5 ಲಕ್ಷದವರೆಗೆ ಫೀಸೇ ಇಲ್ಲ. ಇವರಿಗೆಲ್ಲ ಅದೇ ಸರಿ.

ಹುಬ್ಬಳ್ಳಿ_ಬಿಡಿಭಾಗ:
ಫೀಸಿನ ಮಾತು ನಿಜ. ಆದರೆ ಕೇಸು ನಡೆಯೋ ಹೊತ್ತಿಗೆ ಪಾರ್ಸೆಲ್ ಬೆಂಗಳೂರು ಸೇರಿರುತ್ತೆ. ಸಾಮಾನ್ಯವಾಗಿ ಮೂರು ಸಲ ಫೇಲ್ ಆದರೆ RTO ಬೀಳುತ್ತೆ, ಅಂದರೆ ಕಳಿಸಿದವರಿಗೇ ವಾಪಸ್. ಅದು ಬಿದ್ದ ಮೇಲೆ ನಿಲ್ಲಿಸೋದು ಕಷ್ಟ. ಮೊದಲು ಅದನ್ನು ತಡೆಯಿರಿ.

ನಾನೂ ಕೊರಿಯರ್‌ನಲ್ಲಿ ಸಾಮಾನು ಕಳಿಸೋನು. ರಾತ್ರಿ 8:52 ಅನ್ನೋದೇ ಸುಳಿವು. ಆ ದಿನದ ಪಟ್ಟಿಯಲ್ಲಿರೋ ಪ್ರತಿ ಪಾರ್ಸೆಲ್‌ಗೂ ಹುಡುಗ ಏನಾದರೊಂದು ಸ್ಟೇಟಸ್ ಹಾಕಲೇಬೇಕು. ದೂರದ ಒಂದೇ ಮನೆಗೆ ಹೋಗಿಬಂದರೆ ಪೆಟ್ರೋಲಿಗೂ ಗಿಟ್ಟಲ್ಲ. ಅದಕ್ಕೆ ಬ್ರಾಂಚಿಗೆ ಬಂದು ಉಳಿದದ್ದಕ್ಕೆಲ್ಲ ಒಟ್ಟಿಗೆ ‘ಇಲ್ಲ’ ಅಂತ ಒತ್ತುತ್ತಾನೆ. ಆದರೂ ನಿಮ್ಮ ಕಡೆ ಒಂದು ನೋಡಿಕೊಳ್ಳಿ. ಫೋನಿನ ಸ್ಪ್ಯಾಮ್ ಫಿಲ್ಟರ್ ಕರೆಯನ್ನು ಸದ್ದಿಲ್ಲದೆ ತಡೆದಿರಬಹುದು. ಬ್ಲಾಕ್ ಆದ ಕರೆಗಳ ಪಟ್ಟಿ ತೆರೆದು ಆ ಹೊತ್ತಿನದು ಇದೆಯಾ ನೋಡಿ. ಲೇಬಲ್ ಮೇಲೆ ಯಾವ ನಂಬರ್, ಯಾವ ಪಿನ್‌ಕೋಡ್ ಇದೆ ಅಂತ ಮಾರಾಟಗಾರರನ್ನು ಕೇಳಿ.

ಆಮೇಲೆ ಕಸ್ಟಮರ್ ಕೇರ್ ಬಿಡಿ. ಕೊರಿಯರ್‌ಗೆ ದುಡ್ಡು ಕೊಟ್ಟವರು ಮಾರಾಟಗಾರರು, ಅವರ ಮಾತಿಗೆ ಅಲ್ಲಿ ತೂಕ ಜಾಸ್ತಿ. ಡೆಲಿವರಿ ಫೇಲ್ ಆದಾಗ ಅವರ ಪ್ಯಾನೆಲ್‌ನಲ್ಲಿ NDR ಅಂತ ಬರುತ್ತೆ. ಅಲ್ಲಿ ಮತ್ತೆ ಕಳಿಸಿ ಅಂತ ಕೇಳಬಹುದು, ಬಂದೇ ಇಲ್ಲ ಅಂತಲೂ ಬರೆಯಬಹುದು. ಸುಮ್ಮನಿದ್ದರೆ ಪಾರ್ಸೆಲ್ ತಾನಾಗೇ ವಾಪಸ್ ಹೊರಡುತ್ತೆ. AWB ಅಂದರೆ ಪಾರ್ಸೆಲ್‌ನ ಟ್ರ್ಯಾಕಿಂಗ್ ನಂಬರ್. ಅದನ್ನು ಹಾಕಿ ಇವತ್ತೇ ಅವರಿಗೆ ಹೀಗೆ ಮೇಲ್ ಕಳಿಸಿ:

‘AWB ನಂಬರ್ ಇಂಥದ್ದು. ನಿನ್ನೆ ರಾತ್ರಿ 8:52ಕ್ಕೆ ಮನೆಯಲ್ಲಿ ಯಾರೂ ಇಲ್ಲ ಅಂತ ಹಾಕಿದ್ದಾರೆ. ಇಡೀ ದಿನ ಮನೆಯಲ್ಲಿ ಜನ ಇದ್ದರು, ಯಾರೂ ಬಂದಿಲ್ಲ, ಕರೆಯೂ ಬಂದಿಲ್ಲ. ಕರೆ ಮಾಡಿದ ದಾಖಲೆ ಇದ್ದರೆ ಕೊರಿಯರ್‌ನಿಂದ ತರಿಸಿ. ನಾನು ಪಾರ್ಸೆಲ್ ಬೇಡ ಅಂದಿಲ್ಲ. ದಯವಿಟ್ಟು ಮತ್ತೆ ಕಳಿಸಲು ಹೇಳಿ.’

ಟ್ರ್ಯಾಕಿಂಗ್ ಮತ್ತು ಆ ದಿನದ ಕಾಲ್ ಲಾಗ್, ಎರಡರ ಸ್ಕ್ರೀನ್‌ಶಾಟ್ ಜೊತೆಗಿರಲಿ. ‘ಬೇಡ ಅಂದಿಲ್ಲ’ ಅನ್ನೋ ಸಾಲು ಬಿಡಬೇಡಿ. ಕೆಲವು ಸಲ ಮುಂದಿನ ಸ್ಟೇಟಸ್ Customer refused ಅಂತ ಬದಲಾಗುತ್ತೆ. ಆಗ ರೀಫಂಡ್‌ಗೂ ತಕರಾರು ಬರುತ್ತೆ.

ಶಾರದಾ_ಕ್ರಾಫ್ಟ್ಸ್:
ನಂದೂ ಇದೇ ಕಥೆ. Delivered ಅಂತ ತೋರಿಸುತ್ತೆ, ಕೈಗೆ ಸಿಕ್ಕಿಲ್ಲ. ನಾನೂ NDR ಕೇಳಲಾ?

ಹುಬ್ಬಳ್ಳಿ_ಬಿಡಿಭಾಗ:
ಇಲ್ಲ ಅಕ್ಕಾ, ನಿಮ್ಮದು ಬೇರೆ. Delivered ಆದ ಮೇಲೆ NDR ಬರಲ್ಲ. ಯಾರು ತಗೊಂಡರು ಅನ್ನೋ ಸಹಿ, ಫೋಟೋ ಅಥವಾ ಓಟಿಪಿ ದಾಖಲೆ ಕೇಳಿ. ಓಟಿಪಿ ಅಂದಾಗ ನೆನಪಾಯ್ತು. ಪಾರ್ಸೆಲ್ ಕೈಗೆ ಬರೋ ಮುಂಚೆ ಫೋನಲ್ಲಿ ಯಾರಿಗೂ ಅದನ್ನು ಹೇಳಬೇಡಿ. ‘ವಿಳಾಸ ಸರಿಪಡಿಸಲು ಐದು ರೂಪಾಯಿ ಕಟ್ಟಿ’ ಅನ್ನೋ ಎಸ್‌ಎಂಎಸ್ ಲಿಂಕನ್ನೂ ಮುಟ್ಟಬೇಡಿ. ಅದು ವಂಚನೆ.

ತೋಟದಮನೆ_ರೇಡಿಯೋ:
ಬ್ಲಾಕ್ ಪಟ್ಟಿಯಲ್ಲಿ ಏನೂ ಇಲ್ಲ. ಲೇಬಲ್ಲೂ ಸರಿ ಇದೆಯಂತೆ. ಮೇಲ್ ಹಾಕಿದೆ, ಅವರು ರೀಅಟೆಂಪ್ಟ್ ಹಾಕಿದ್ದಾರೆ. ನಾನೇ ಬ್ರಾಂಚಿಗೆ ಹೋಗಿ ತರಲಾ?

ಹುಬ್ಬಳ್ಳಿ_ಬಿಡಿಭಾಗ:
ಹೋಗಿ, ಆದರೆ ಬೆಳಿಗ್ಗೆ ಹುಡುಗರು ಗಾಡಿ ತುಂಬೋ ಮುಂಚೆ. ಒಮ್ಮೆ ಚೀಲಕ್ಕೆ ಬಿತ್ತು ಅಂದ್ರೆ ಸಂಜೆವರೆಗೆ ಸಿಗಲ್ಲ. ಗುರುತಿನ ಚೀಟಿ ಮತ್ತು AWB ನಂಬರ್ ಹಿಡ್ಕೊಂಡು ಹೋಗಿ. ಬರೀ ವಿಂಗಡಣೆ ನಡೆಯೋ ಜಾಗವಾದರೆ ಕೊಡಲ್ಲ ಅನ್ನಬಹುದು. ಆಗ ಮಾರಾಟಗಾರರಿಂದಲೇ ಬ್ರಾಂಚಿಗೆ ಹೇಳಿಸಿ.

ನ್ಯಾಯಬೇಕು:
ಹಾಗಾದ್ರೆ ದೂರು ಕೊಡೋದೇ ಬೇಡ್ವಾ?

ಹುಬ್ಬಳ್ಳಿ_ಬಿಡಿಭಾಗ:
ಕೊಡಬೇಕು, ಸಾಲಾಗಿ ಕೊಡಬೇಕು. ಆನ್‌ಲೈನ್ ಅಂಗಡಿಯ ಗ್ರೀವೆನ್ಸ್ ಆಫೀಸರ್‌ಗೆ ಮೊದಲು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಸಿಕ್ಕಿದೆ ಅಂತ ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅವರು ತೀರ್ಪು ಕೊಡಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ನೀವು ಹೇಳಿದ ಕೋರ್ಟು ಆಮೇಲಿನದು.

ತೋಟದಮನೆ_ರೇಡಿಯೋ:
ಪಾರ್ಸೆಲ್ ಸಿಕ್ತು. ಬೆಳಿಗ್ಗೆ ಬ್ರಾಂಚಿಗೆ ಹೋದಾಗ ಮೊದಲು ಆಗಲ್ಲ ಅಂದರು. ಮಾರಾಟಗಾರರಿಂದ ಫೋನ್ ಮಾಡಿಸಿದ ಮೇಲೆ ಸಹಿ ಹಾಕಿಸಿ ಕೊಟ್ಟರು. ಅಲ್ಲಿನ ಹುಡುಗ ‘ನಿಮ್ಮ ಕಡೆ ರೂಟಿಗೆ ಗಾಡಿ ದಿನಾ ಬಿಡಲ್ಲ ಅಣ್ಣಾ, ಸಿಸ್ಟಂನಲ್ಲಿ ಮಾತ್ರ ದಿನಾ ತೋರಿಸುತ್ತೆ’ ಅಂದ. ಪಕ್ಕದ ಮನೆಯವರ ಔಷಧಿ ಪಾರ್ಸೆಲ್ಲೂ ಅಲ್ಲೇ ಬಿದ್ದಿತ್ತು. ಅದನ್ನು ನನ್ನ ಕೈಗೆ ಕೊಡಲಿಲ್ಲ. ಅದು ಕ್ಯಾಶ್ ಆನ್ ಡೆಲಿವರಿ. ಅದಕ್ಕೂ ಇದೇ ದಾರಿ ನಡೆಯುತ್ತಾ? ಗೊತ್ತಿರೋರು ಹೇಳಿ.